ಭಾವನ ಹತ್ತು ವರ್ಷದ ರಿಸ್ಕ್ 7.6, ಎಲ್‌ಡಿಎಲ್ 152: ಮಾತ್ರೆ ಶುರು ಮಾಡ್ಬೇಕಾ?

ಘಾಟಿ ಮಂಜು, ಸಕಲೇಶಪುರ
ಭಾವನಿಗೆ 52, ಎಸ್ಟೇಟಲ್ಲಿ ರೈಟ್ರು. ಟೋಟಲ್ ಕೊಲೆಸ್ಟ್ರಾಲ್ 232, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210, ಎಲ್‌ಡಿಎಲ್ 152. ಮೇಲಿನ ಬಿಪಿ 138, ಅದಕ್ಕೆ ಮಾತ್ರೆ ಇಲ್ಲ. ಶುಗರ್ ಇಲ್ಲ, ಬೀಡಿ ಸಿಗರೇಟು ಇಲ್ಲ. ಹಾಸನದ ಡಾಕ್ಟರು ಅಮೆರಿಕದ 2013ರ ಕ್ಯಾಲ್ಕುಲೇಟರಿಗೆ ಹಾಕಿ, ಹತ್ತು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗೋ ರಿಸ್ಕ್ ಶೇ. 7.6 ಅಂದ್ರು. ಅಟೊರ್ವಾಸ್ಟಾಟಿನ್ 20 ಬರೆದ್ರು. ಅಕ್ಕ ಬೇಡ ಅಂತಾಳೆ. ಶುರು ಮಾಡ್ಬೇಕಾ?

ಅರಸೀಕೆರೆ ತೆಂಗು
ಅದೇ ಕ್ಯಾಲ್ಕುಲೇಟರಲ್ಲಿ ಈಗ ಹಾಕಿ ನೋಡಿದೆ, 4.4 ಬಂತು. 5ರ ಕೆಳಗಿದ್ರೆ ಕಡಿಮೆ ರಿಸ್ಕ್ ಅಂತ ಅವರೇ ಬರೆದಿದ್ದಾರೆ. ಮಾತ್ರೆ ಬೇಡ. ನಿಮ್ಮ ಅಕ್ಕ ಹೇಳಿದ್ದೇ ಸರಿ.

ಹೇಮಾವತಿ ದಂಡೆ
ತೆಂಗು ಅವರೇ, ನೀವು Total Cholesterol ಅನ್ನೋ ಜಾಗದಲ್ಲಿ 232ರ ಬದಲು 152 ಹಾಕಿದ್ದೀರಿ. ಹಾಗೆ ಹಾಕಿದ್ರೆ ಸರಿಯಾಗಿ 4.4 ಬರುತ್ತೆ. 232 ಹಾಕಿ, 7.6 ಬರುತ್ತೆ. ಆ ಸೂತ್ರಕ್ಕೆ ಬೇಕಾಗೋದು ವಯಸ್ಸು, ಗಂಡೋ ಹೆಣ್ಣೋ, ಟೋಟಲ್, ಎಚ್‌ಡಿಎಲ್, ಬಿಪಿ, ಬಿಪಿ ಮಾತ್ರೆ, ಶುಗರ್, ಧೂಮಪಾನ, ಜನಾಂಗ, ಇಷ್ಟೇ. ಎಲ್‌ಡಿಎಲ್‌ಗೆ ಅದರಲ್ಲಿ ಜಾಗವೇ ಇಲ್ಲ. ಕೆಲವು ಆ್ಯಪ್ ಎಲ್‌ಡಿಎಲ್ ಕೇಳುತ್ತವೆ, ಆದ್ರೆ ಕೊನೆಗೆ ಸಲಹೆ ತೋರಿಸೋಕೆ ಮಾತ್ರ. ಶೇಕಡಾ ಲೆಕ್ಕಕ್ಕೆ ಅದು ಹೋಗಲ್ಲ.

ಅರಸೀಕೆರೆ ತೆಂಗು
"ಎಲ್‌ಡಿಎಲ್‌ಗೆ ಜಾಗವೇ ಇಲ್ಲ." ನೀವೇ ಹೇಳಿದ ಮಾತು ಇದು. ರಿಸ್ಕ್ ಲೆಕ್ಕಕ್ಕೇ ಬಾರದ ಎಲ್‌ಡಿಎಲ್ ಇಳಿಸೋಕೆ ಮಾತ್ರೆ ಯಾಕೆ ನುಂಗಬೇಕು?

ಹೇಮಾವತಿ ದಂಡೆ
ಯಾಕೆಂದ್ರೆ ಅವೆರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಶೇಕಡಾ ಹೇಳೋದು ಮನುಷ್ಯ ಎಷ್ಟು ಅಪಾಯದಲ್ಲಿದ್ದಾನೆ ಅಂತ. ಎಲ್‌ಡಿಎಲ್ ಹೇಳೋದು ಮಾತ್ರೆಯಿಂದ ಎಷ್ಟು ಇಳಿಸಬಹುದು ಅಂತ. ಎರಡನ್ನೂ ಸೇರಿಸಿದ್ರೇನೇ ಲಾಭ ಗೊತ್ತಾಗೋದು.
ಇವರ ಭಾವನದ್ದೇ ನೋಡಿ. ಮಧ್ಯಮ ಡೋಸಿಗೆ ಎಲ್‌ಡಿಎಲ್ ಕನಿಷ್ಠ ಮೂರನೇ ಒಂದು ಭಾಗ ಇಳಿಯುತ್ತೆ ಅಂದ್ಕೊಳ್ಳಿ, 152 ಹೋಗಿ 100 ಆಗುತ್ತೆ. ಸ್ಟಾಟಿನ್ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಎಲ್‌ಡಿಎಲ್ 39 ಇಳಿದರೆ ಹೃದಯ, ಮಿದುಳಿನ ಘಟನೆಗಳು ಸುಮಾರು ಐದನೇ ಒಂದು ಭಾಗ ಕಡಿಮೆ ಆಗಿವೆ. 50 ಇಳಿದ್ರೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಂದ್ರೆ 7.6 ಇದ್ದದ್ದು 5.5ರ ಹತ್ರ ಬರುತ್ತೆ. ಇವರಂಥ 100 ಜನ ಹತ್ತು ವರ್ಷ ನುಂಗಿದ್ರೆ ಸುಮಾರು 2 ಜನರಿಗೆ ಅಟ್ಯಾಕೋ ಸ್ಟ್ರೋಕೋ ತಪ್ಪುತ್ತೆ. ಅದು ಸಾಕೋ ಸಾಲದೋ ಅಂತ ಅಕ್ಕ, ಭಾವ ಕೂತು ಮಾತಾಡಲಿ.

ಬೇಲೂರು ಶಿಲಾ
ನನಗೆ 41, ಎಲ್‌ಡಿಎಲ್ 196. ಕ್ಯಾಲ್ಕುಲೇಟರ್ ನನಗೆ ಬರೀ 1.2 ತೋರಿಸ್ತು. ಹಾಗಾದ್ರೆ ಮಾತ್ರೆ ಬೇಡ ಅಲ್ವಾ?

ಹೇಮಾವತಿ ದಂಡೆ
ಶಿಲಾ ಅವರೇ, ಎಲ್‌ಡಿಎಲ್ 190 ದಾಟಿದವರಿಗೆ ಆ ಕ್ಯಾಲ್ಕುಲೇಟರ್ ಬಳಸೋ ಹಾಗೇ ಇಲ್ಲ. ವಯಸ್ಸು ಚಿಕ್ಕದು ಅಂತ ಶೇಕಡಾ ಕಡಿಮೆ ಬಂದಿದೆ ಅಷ್ಟೆ. ನಿಮ್ಮ ವಿಷಯದಲ್ಲಿ ಎಲ್‌ಡಿಎಲ್ ಒಂದೇ ಸಾಕು ಮಾತ್ರೆಗೆ. ಥೈರಾಯ್ಡ್ ನೋಡಿಸಿ, ಒಡಹುಟ್ಟಿದವರದ್ದೂ ಮಕ್ಕಳದ್ದೂ ಕೊಲೆಸ್ಟ್ರಾಲ್ ನೋಡಿಸಿ, ಇದು ಮನೆತನದಲ್ಲಿ ಬರಬಹುದು.

ಮೂಡಿಗೆರೆ ಏಲಕ್ಕಿ
7.6, 7.6 ಅಂತ ಜಪ ಮಾಡ್ತಾ ಇದ್ದೀರಲ್ಲ, ಅದು ಅಮೆರಿಕದವರ ಲೆಕ್ಕ. ನಮ್ಮವರಿಗೆ ಅದನ್ನ 1.4ರಿಂದ ಗುಣಿಸಬೇಕು. 10.6 ಆಯ್ತು. ಮುಗೀತು ಚರ್ಚೆ, ಇವತ್ತೇ ಶುರು ಮಾಡ್ಲಿ.

ಹೇಮಾವತಿ ದಂಡೆ
1.4 ಬಂದಿದ್ದು ಇಂಗ್ಲೆಂಡಿನಿಂದ. ಅಲ್ಲಿ ಹಳೇ ಫ್ರೇಮಿಂಗ್‌ಹ್ಯಾಮ್ ಲೆಕ್ಕಕ್ಕೆ, ದಕ್ಷಿಣ ಏಷ್ಯಾದ ಗಂಡಸರಿಗೆ ಅಂತ ಹೇಳಿದ್ದು. ಆಮೇಲೆ ಬಂದ ಅವರ ಕ್ಯೂರಿಸ್ಕ್ ನೀವು ಇಂಡಿಯನ್ನಾ ಅಂತ ತಾನೇ ಕೇಳುತ್ತೆ, ಗುಣಿಸೋ ಕೆಲಸ ಇಲ್ಲ. ಅಮೆರಿಕದ 2013ರ ಸೂತ್ರದಲ್ಲಿ ನಾವು Other ಒತ್ತಬೇಕು, ಅದು ಬಿಳಿಯರ ಲೆಕ್ಕವನ್ನೇ ಕೊಡುತ್ತೆ. ಅದಕ್ಕೆ 1.4 ಹಚ್ಚಿ ಅಂತ ಆ ಮಾರ್ಗಸೂಚಿಯಲ್ಲಿ ಇಲ್ಲ. 2018ರಲ್ಲಿ ಅವರು ದಕ್ಷಿಣ ಏಷ್ಯಾ ಮೂಲವನ್ನ ರಿಸ್ಕ್ ಹೆಚ್ಚಿಸೋ ಅಂಶಗಳಲ್ಲಿ ಸೇರಿಸಿದರು, ಗುಣಿಸೋಕೆ ಅಂಕಿ ಕೊಡಲಿಲ್ಲ.

ಮೂಡಿಗೆರೆ ಏಲಕ್ಕಿ
"ಅಂಕಿ ಕೊಡಲಿಲ್ಲ" ಅಂದ್ರೆ ರಿಸ್ಕ್ ಇಲ್ಲ ಅಂತಾನಾ? 2025ರಲ್ಲಿ ಹಾಸನದಲ್ಲಿ ಸಾಲು ಸಾಲಾಗಿ ಹೋದ್ರಲ್ಲ, ಅವರ ಮನೆಯವರ ಮುಂದೆ ಹೋಗಿ ಹೇಳಿ ಈ ಮಾತು!

ಲ್ಯಾಬ್ ಬೆಳಿಗ್ಗೆ ಏಳು
ಹಾಸನದ ಸಾವುಗಳನ್ನ ಇಲ್ಲಿ ಎಳೀಬೇಡಿ. ಸರ್ಕಾರ ಜಯದೇವ ನಿರ್ದೇಶಕರ ಸಮಿತಿ ಮಾಡ್ತು, ಅಸಹಜ ಏರಿಕೆ ಇಲ್ಲ ಅಂತ ವರದಿ ಬಂತು. ಅವರಲ್ಲಿ ಹರೆಯದವರೂ ಇದ್ರು, ಈ ಕ್ಯಾಲ್ಕುಲೇಟರ್ 40ರ ಕೆಳಗಿನವರಿಗೆ ಅಲ್ಲವೇ ಅಲ್ಲ.

ಮೂಡಿಗೆರೆ ಏಲಕ್ಕಿ
ಸಮಿತಿ ವರದಿ ನಂಬೋರು ನಂಬಲಿ. ನಮ್ಮವರಿಗೆ ಚಿಕ್ಕ ವಯಸ್ಸಲ್ಲೇ ಬರುತ್ತೆ ಅನ್ನೋದು ಸುಳ್ಳಾ? ಅದಕ್ಕೇ ಗುಣಿಸಬೇಕು ಅನ್ನೋದು.

ಅರಸೀಕೆರೆ ತೆಂಗು
ಬಿಳಿಯರ ಲೆಕ್ಕ ಅಂತ ಎಲ್ಲರೂ ಒಪ್ಪಿದ ಹಾಗಾಯ್ತು. ಹಾಗಾದ್ರೆ ಅದನ್ನ ಬಿಸಾಕಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದಕ್ಷಿಣ ಏಷ್ಯಾಕ್ಕೇ ಬೇರೆ ಚಾರ್ಟ್ ಕೊಟ್ಟಿದೆ. ಅದರಲ್ಲಿ 10ರ ಕೆಳಗೆ ಬಂದ್ರೆ ಮಾತ್ರೆ ಬೇಡ.

ಹೇಮಾವತಿ ದಂಡೆ
ಚಾರ್ಟ್ ಇರೋದು ನಿಜ, ಅದರಲ್ಲೂ ನೋಡೋದು ಟೋಟಲ್ಲೇ, ಅದೂ ಮಿಲಿಮೋಲ್‌ನಲ್ಲಿ. 232 ಅಂದ್ರೆ 6 ಅಂತ ಹುಡುಕಿ. ಆದ್ರೆ 10 ಅನ್ನೋ ಗಡಿ ಇಂಗ್ಲೆಂಡಿನವರು ಕ್ಯೂರಿಸ್ಕ್ ಜೊತೆ ಇಟ್ಟದ್ದು, 7.5 ಅಮೆರಿಕದವರು 2013ರ ಸೂತ್ರದ ಜೊತೆ ಇಟ್ಟದ್ದು. ಒಂದರ ಶೇಕಡಾ ಹಿಡಿದು ಇನ್ನೊಂದರ ಗಡಿಗೆ ಅಳೆಯೋದು ದೊಡ್ಡ ತಪ್ಪು. ಅಮೆರಿಕದವರದ್ದೇ 2023ರ ಪ್ರಿವೆಂಟ್ ಸೂತ್ರಕ್ಕೆ ಹಾಕಿದ್ರೂ ಸಾಮಾನ್ಯವಾಗಿ ಕಡಿಮೆ ಬರುತ್ತೆ. ಅಷ್ಟಕ್ಕೇ ಮನುಷ್ಯನ ರಕ್ತನಾಳ ಚೊಕ್ಕ ಆಗಲ್ಲ.

ಅರಸೀಕೆರೆ ತೆಂಗು
"ಸಾಮಾನ್ಯವಾಗಿ ಕಡಿಮೆ ಬರುತ್ತೆ." ಅದೇ ನಾನು ಮೊದಲಿಂದ ಹೇಳ್ತಿರೋದು.

ಲ್ಯಾಬ್ ಬೆಳಿಗ್ಗೆ ಏಳು
ಗುಣಾಕಾರದ ಜಗಳ ಬಿಟ್ಟು, ಮಂಜು, ಆ ಬಿಪಿ 138 ಹೇಗೆ ನೋಡಿದ್ದು ಹೇಳಿ. 128 ಆಗಿದ್ದಿದ್ರೆ ಇದೇ ಸೂತ್ರದಲ್ಲಿ 6.7 ಬರ್ತಿತ್ತು, ಗಡಿಯ ಈಚೆಗೆ. ಬೆನ್ನು ಆನಿಸಿ ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆ ಮಟ್ಟಕ್ಕೆ ಇಟ್ಟು, ಮಾತಾಡಿಸದೆ ಎರಡು ಸಲ ನೋಡಬೇಕು, ಅದೂ ಬೇರೆ ಬೇರೆ ದಿನ. ಕೊಲೆಸ್ಟ್ರಾಲೂ ಇನ್ನೊಂದು ಸಲ ಮಾಡಿಸಿ. ನಿಮ್ಮ 152 ಅಳೆದದ್ದಲ್ಲ, 232ರಲ್ಲಿ 38ನ್ನೂ 210ರ ಐದನೇ ಒಂದು ಭಾಗವನ್ನೂ ಕಳೆದು ಬಂದದ್ದು. ಟ್ರೈಗ್ಲಿಸರೈಡ್ ಏರಿದ್ರೆ ಅದು ಅಲ್ಲಾಡುತ್ತೆ. ಮಾತ್ರೆ ಶುರು ಮಾಡಿದ ಮೇಲಿನ ರಿಪೋರ್ಟ್ ಹಾಕಿ ಮಾತ್ರ ರಿಸ್ಕ್ ನೋಡಬೇಡಿ, ಕಡಿಮೆ ತೋರಿಸಿ ಮಾತ್ರೆ ನಿಲ್ಲಿಸೋ ಹಾಗೆ ಮಾಡುತ್ತೆ.

ಘಾಟಿ ಮಂಜು, ಸಕಲೇಶಪುರ
ಬಸ್ಸಿಳಿದು ಮೆಟ್ಟಿಲು ಹತ್ತಿದ ತಕ್ಷಣ ಒಂದೇ ಸಲ ನೋಡಿದ್ದಂತೆ. ಇನ್ನೊಂದು, ಭಾವನ ಅಪ್ಪನಿಗೆ 51ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಇದಕ್ಕೇನಾದ್ರೂ ಸಂಬಂಧ ಇದ್ಯಾ?

ಹೇಮಾವತಿ ದಂಡೆ
ಮೊದಲೇ ಹೇಳಬೇಕಿತ್ತು ಮಾರಾಯ್ರೆ, ಇಲ್ಲಿ ಎಲ್ಲಕ್ಕಿಂತ ತೂಕದ ವಿಷಯ ಅದು. ಕ್ಯಾಲ್ಕುಲೇಟರ್ ಅದನ್ನ ಕೇಳೋದೇ ಇಲ್ಲ. ಅಪ್ಪನಿಗೋ ಅಣ್ಣತಮ್ಮನಿಗೋ 55ರೊಳಗೆ, ಅಮ್ಮನಿಗೋ ಅಕ್ಕತಂಗಿಗೋ 65ರೊಳಗೆ ಆಗಿದ್ರೆ ಅದು ರಿಸ್ಕ್ ಹೆಚ್ಚಿಸೋ ಅಂಶ. ಬಿಪಿ ಮತ್ತೆ ನೋಡಿ 6.7 ಬಂದ್ರೂ, ಇದರ ಜೊತೆ ನಮ್ಮ ಮೂಲ ಸೇರಿದಾಗ ನಾನು ಮಾತ್ರೆ ಕಡೆಗೇ ವಾಲುತ್ತೀನಿ. ಟ್ರೈಗ್ಲಿಸರೈಡ್ ಎರಡನೇ ಸಲವೂ 175ರ ಮೇಲೆ ಬಂದ್ರೆ ಇನ್ನೂ ಹೆಚ್ಚು.

ಅರಸೀಕೆರೆ ತೆಂಗು
ವಾಲೋದು ಏಕೆ? ಸಿಟಿ ಸ್ಕ್ಯಾನಲ್ಲಿ ಹೃದಯದ ಕ್ಯಾಲ್ಸಿಯಂ ನೋಡಿಸಲಿ. ಸೊನ್ನೆ ಬಂದ್ರೆ ಮಾತ್ರೆ ಬೇಡ ಅಂತ ನಿಮ್ಮ 2018ರ ಮಾರ್ಗಸೂಚಿಯೇ ಹೇಳುತ್ತೆ.

ಹೇಮಾವತಿ ದಂಡೆ
ಆ ವಾಕ್ಯದ ಉಳಿದರ್ಧವನ್ನೂ ಓದಿ. ಶುಗರ್ ಇರೋರು, ಸಿಗರೇಟು ಸೇದೋರು, ಮನೆಯಲ್ಲಿ ಬೇಗ ಹೃದಯಾಘಾತ ಆದವರು, ಇವರನ್ನ ಬಿಟ್ಟು ಮಿಕ್ಕವರಿಗೆ ಅದು. ಇವರ ಭಾವ ಬಿಟ್ಟವರ ಲಿಸ್ಟಲ್ಲಿದ್ದಾರೆ. 100 ದಾಟಿದ್ರೆ ಮಾತ್ರೆ ಖಚಿತ, ಸೊನ್ನೆ ಬಂದ್ರೆ ಇವರಿಗೆ ಪೂರ್ತಿ ನಿರಾಳ ಸಿಗಲ್ಲ. ಅದಕ್ಕೆ ಬೆಂಗಳೂರಿಗೋ ಮಂಗಳೂರಿಗೋ ಓಡೋ ಮೊದಲು ಡಾಕ್ಟರ ಹತ್ರ ಅಪ್ಪನ ವಿಷಯ ಹೇಳಿ.

ಅರಸೀಕೆರೆ ತೆಂಗು
ಸೊನ್ನೆ ಬಂದವರಿಗೂ ಮಾತ್ರೆ ಅಂದ್ರೆ ಸ್ಕ್ಯಾನ್ ಇರೋದ್ಯಾಕೆ. ನಾನು ಒಪ್ಪಲ್ಲ.

ಮೂಡಿಗೆರೆ ಏಲಕ್ಕಿ
6.7ನ್ನೂ 1.4ರಿಂದ ಗುಣಿಸಿ ನೋಡಿ, 9.4. ಗಡಿ ದಾಟೇ ದಾಟುತ್ತೆ.

ಘಾಟಿ ಮಂಜು, ಸಕಲೇಶಪುರ
ಸೋಮವಾರ ಬಿಪಿ ಮತ್ತೆ ನೋಡಿಸ್ತೀವಿ, ಅಪ್ಪನ ವಿಷಯಾನೂ ಹೇಳ್ತೀವಿ. ಶುರು ಮಾಡಿದ್ರೆ ರಕ್ತ ಮತ್ತೆ ಯಾವಾಗ ಕೊಡೋದು?

ಲ್ಯಾಬ್ ಬೆಳಿಗ್ಗೆ ಏಳು
4ರಿಂದ 12 ವಾರದೊಳಗೆ. ಎಲ್‌ಡಿಎಲ್ ಮೂರನೇ ಒಂದು ಭಾಗವೂ ಇಳಿದಿಲ್ಲ ಅಂದ್ರೆ, ಡೋಸ್ ಏರಿಸೋ ಮೊದಲು ಮಾತ್ರೆಯ ಪಟ್ಟಿ ಎಣಿಸಿ ನೋಡಿ, ದಿನಾ ನುಂಗಿದ್ದಾರಾ ಅಂತ.