600 ಚಂದಾದಾರರಿದ್ದರೆ ಎಷ್ಟು ಬಾಕ್ಸ್ ತುಂಬಿಸಬೇಕು?

ಶಿರಸಿಯ ತಿಂಡಿ ಬಾಕ್ಸ್‌ನವರು: ಮೇಡಂ, ನಮ್ಮಲ್ಲಿ 600 ಸಕ್ರಿಯ ಚಂದಾದಾರರಿದ್ದಾರೆ. ಬೇಸಿಗೆಯಲ್ಲಿ ನೂರಕ್ಕೆ ಹತ್ತು ಮಂದಿ ಆ ತಿಂಗಳ ಬಾಕ್ಸ್ ಬೇಡವೆಂದು ಸ್ಕಿಪ್ ಮಾಡುತ್ತಿದ್ದರು. ಅದೇ ಲೆಕ್ಕದಲ್ಲಿ ಈ ತಿಂಗಳು 540 ತುಂಬಿಸಿದೆವು, 48 ಉಳಿದವು. ಚಕ್ಕುಲಿ ಮುಂದಿನ ತಿಂಗಳಿಗೆ ಮುಗ್ಗಲು ವಾಸನೆ ಬರುತ್ತದೆ. ಎಲ್ಲಿ ತಪ್ಪಿದೆವು?

ದಾಸ್ತಾನು ಯೋಜಕಿ: ಹೊಸಬರು ಸೇರುವುದು ಕಡಿಮೆಯಾಗಿದೆಯೇ? ಎಷ್ಟನೆಯ ಬಾಕ್ಸ್ ಎಂಬುದರ ಮೇಲೆ ಗ್ರಾಹಕರನ್ನು ವಿಂಗಡಿಸಿ ಬರೆಯಿರಿ.

ಶಿರಸಿ: ಮೊದಲ ಬಾಕ್ಸ್‌ನವರು 100, ಸ್ಕಿಪ್ 3. ಎರಡರಿಂದ ಆರನೆಯದರವರು 300, ಸ್ಕಿಪ್ 36. ಹಳಬರು 200, ಸ್ಕಿಪ್ 54. ಬೇಸಿಗೆಯಲ್ಲಿ ಜಾಹೀರಾತು ಕೊಟ್ಟಿದ್ದೆವು, ಆಗ ಇದೇ ಗುಂಪುಗಳು 300, 200, 100 ಇದ್ದವು.

ಹುಬ್ಬಳ್ಳಿಯ ಸದಸ್ಯರು: ಇನ್ನೊಂದು ಚರ್ಚಾ ಗುಂಪಿನಲ್ಲಿ ಬಂದ ಸೂತ್ರ: ಯಾವಾಗಲೂ ನೂರಕ್ಕೆ ಹತ್ತು ಹೆಚ್ಚಿಗೆ ತುಂಬಿಸಿ, ಕೊರತೆಯೇ ಬರುವುದಿಲ್ಲ.

ದಾಸ್ತಾನು ಯೋಜಕಿ: ಶಿರಸಿಯವರೇ, ನಿಮ್ಮ ಗ್ರಾಹಕರು ಬದಲಾಗಿಲ್ಲ, ಅವರ ಬೆರಕೆ ಬದಲಾಗಿದೆ. ಈಗಿನ ದರಗಳನ್ನೇ ಬೇಸಿಗೆಯ ಗುಂಪುಗಳಿಗೆ ಹಾಕಿ ನೋಡಿ: 9, 24, 27, ಒಟ್ಟು 60. ನಿಮ್ಮ ನೂರಕ್ಕೆ ಹತ್ತು ಹುಟ್ಟಿದ್ದು ಅಲ್ಲಿ. ಮೊದಲ ಬಾಕ್ಸನ್ನು ಬೇಡವೆನ್ನುವವರು ತೀರಾ ಕಡಿಮೆ. ಹಳಬರ ಮನೆಯಲ್ಲಿ ಡಬ್ಬಿ ಇನ್ನೂ ಖಾಲಿಯಾಗಿರುವುದಿಲ್ಲ. ಹೊಸಬರು ಕಡಿಮೆಯಾದದ್ದರಿಂದ ಸ್ಕಿಪ್ 93ಕ್ಕೆ ಏರಿತು. 33 ಬಾಕ್ಸ್ ಉಳಿದದ್ದು ಇದರಿಂದ. ಹಣ ಪಾವತಿಯಾಗದೆ ನಿಂತವು ಎಷ್ಟು?

ಶಿರಸಿ: 12. ಅವರನ್ನೂ ಸಕ್ರಿಯ ಎಂದೇ ಎಣಿಸಿದ್ದೆವು.

ದಾಸ್ತಾನು ಯೋಜಕಿ: ಅಲ್ಲಿಗೆ 45. ಉಳಿದ ಮೂರಕ್ಕೆ ಕಾರಣ ನನಗೆ ಕಾಣುತ್ತಿಲ್ಲ. ಮುಂದಿನ ತಿಂಗಳು ಪ್ರತಿ ಗುಂಪಿಗೂ ಅದರದೇ ದರ ಹಾಕಿ, ಪಾವತಿ ನಿಲ್ಲುವವರನ್ನೂ ಕಳೆಯಿರಿ. ಆಮೇಲೆ ಚಕ್ಕುಲಿಗೆ ಆರ್ಡರ್ ಹೇಳುವ ದಿನ ಎಷ್ಟು ಸ್ಕಿಪ್ ಬಂದಿವೆ ಎಂದು ನೋಡಿ. ಹಿಂದೆ ಆ ದಿನಕ್ಕೆ ಒಟ್ಟು ಸ್ಕಿಪ್‌ಗಳಲ್ಲಿ ನೂರಕ್ಕೆ 40 ಬಂದಿರುತ್ತಿದ್ದರೆ, ಈಗ 36 ಕಂಡಾಗ ಕೊನೆಗೆ 90ರ ಆಸುಪಾಸು ಆಗುತ್ತದೆ. ಗುಂಪುವಾರು ಲೆಕ್ಕವೂ ಅಷ್ಟೇ ಹೇಳಿದರೆ ನಂಬಬಹುದು. ಗ್ರಾಹಕರಿಗೆ ನೆನಪಿನ ಸಂದೇಶ ಕಳಿಸುವ ದಿನ ಬದಲಿಸಿದ್ದರೆ ಮಾತ್ರ ಈ ತಾಳೆ ಕೆಲಸಕ್ಕೆ ಬಾರದು.

ತುಮಕೂರಿನ ಸದಸ್ಯೆ: ನೂರಕ್ಕೆ ಎಷ್ಟು ಹೆಚ್ಚಿಗೆ ಇಟ್ಟುಕೊಳ್ಳಬೇಕು ಮೇಡಂ?

ದಾಸ್ತಾನು ಯೋಜಕಿ: ನಿಮ್ಮ ಹಿಂದಿನ ಆರು ತಿಂಗಳ ಅಂದಾಜು ಎಷ್ಟು ತಪ್ಪಿದೆಯೋ ಅದನ್ನು ನೋಡಿ. ಹುಬ್ಬಳ್ಳಿಯವರ ಸೂತ್ರವನ್ನು ದಯವಿಟ್ಟು ಯಾರೂ ಮುಂದಕ್ಕೆ ಕಳಿಸಬೇಡಿ. ಶಿರಸಿಯವರು ಅದನ್ನು ಪಾಲಿಸಿದ್ದರೆ ಇನ್ನೂ 54 ಬಾಕ್ಸ್ ಕಸಕ್ಕೆ ಹೋಗುತ್ತಿದ್ದವು.

ಮೈಸೂರಿನ ಸಾಬೂನು ಬಾಕ್ಸ್‌ನವರು: ನಾನು ಹತ್ತು ಹೆಚ್ಚಿಗೆ ಇಡುತ್ತೇನೆ, ನಷ್ಟವಾಗಿಲ್ಲ.

ದಾಸ್ತಾನು ಯೋಜಕಿ: ಸಾಬೂನು ಕೆಡುವುದಿಲ್ಲ.

ಹುಬ್ಬಳ್ಳಿ: ಸ್ಕಿಪ್ ಗುಂಡಿಯನ್ನೇ ತೆಗೆದರೆ ಈ ತಲೆನೋವೇ ಇಲ್ಲ!

ಮೈಸೂರು: ನಾವು ತೆಗೆದು ನೋಡಿದೆವು. ಸ್ಕಿಪ್ ಮಾಡುತ್ತಿದ್ದವರು ಚಂದಾವನ್ನೇ ರದ್ದು ಮಾಡಿದರು.

ಹುಬ್ಬಳ್ಳಿ: ನಿಮ್ಮ ಸಾಬೂನು ಹಿಡಿಸದೆ ಹೋಗಿರಬೇಕು.

ಮೈಸೂರು: ನೀವು ಒಂದಾದರೂ ಬಾಕ್ಸ್ ಮಾರಿದ್ದೀರಾ? ಮೊದಲು ಅದನ್ನು ಹೇಳಿ.

ಬೆಳಗಾವಿಯ ಸದಸ್ಯರು: ನೂರಕ್ಕೆ ಎಷ್ಟು ಹೆಚ್ಚಿಗೆ ಎಂದು ಯಾರಾದರೂ ಸ್ಪಷ್ಟವಾಗಿ ಹೇಳುವಿರಾ?

ದಾಸ್ತಾನು ಯೋಜಕಿ: ಮೇಲೆ ಓದಿ.

ಧಾರವಾಡದ ಸದಸ್ಯೆ: ದೀಪಾವಳಿಗೆ ಉಡುಗೊರೆಯಾಗಿ ಒಂದೇ ತಿಂಗಳಿಗೆ ಸೇರುವವರನ್ನು ಯಾವ ಗುಂಪಿಗೆ ಹಾಕಬೇಕು?

ಹುಬ್ಬಳ್ಳಿ: ನಾನು ಮಾರಿದ್ದೇನೋ ಇಲ್ಲವೋ ನಿಮಗೇಕೆ?