ಸಹಾಯ ಬೇಕು: ಪತ್ರದ ಮಾತು, ರೊಟ್ಟಿಯ ಸದ್ದು

ಹತ್ತು ವರ್ಷದ ನಂತರದ ನನಗೆ ನಾನೇ ಪತ್ರ ಬರೆದು, ಹುಬ್ಬಳ್ಳಿಯ ದಿನನಿತ್ಯದ ವಿಡಿಯೋ ಮೇಲೆ ಓದಿದ್ದೇನೆ. ಉಣಕಲ್ ಕೆರೆ, ಚಿಗರಿ ಬಸ್ಸಿನ ಕಿಟಕಿ ಎರಡೂ ಸರಿಯಾಗಿ ಕೂತಿವೆ. ತೊಂದರೆ ಇರುವುದು ಅವ್ವ ರೊಟ್ಟಿ ಬಡಿಯುವ ಶಾಟ್‌ನಲ್ಲಿ.

"ಅವ್ವ ಈಗಲೂ ರೊಟ್ಟಿ ಬಡಿಯುತ್ತಾಳಾ?" ಅಂತ ಓದಿದರೆ ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳಿದ ಹಾಗಾಗುತ್ತದೆ. "ಅವಳ ಮೊಣಕೈ ನೋವು ಹೇಗಿದೆ?" ಅಂತ ಬದಲಿಸಿದೆ, ಇದು ಚಲೋ ಇದೆ. ಆದರೆ ಬಡಿಯುವ ಸದ್ದಿನಲ್ಲಿ ಮಾತು ಮುಳುಗುತ್ತದೆ. ಸದ್ದು ಇಳಿಸಿದರೂ ಆ ಟಪಟಪ ಪದಗಳ ನಡುವೆ ನುಗ್ಗುತ್ತದೆ. ಪೂರ್ತಿ ತೆಗೆದರೆ ಅಡುಗೆಮನೆಗೆ ಜೀವವೇ ಇಲ್ಲ.

ಎಡಿಟಿಂಗ್ ಗೊತ್ತಿರುವವರು ಹೇಳಿ: ಮೊದಲು ಬರೀ ಸದ್ದು ಬಿಟ್ಟು, ರೊಟ್ಟಿ ಹೆಂಚಿಗೆ ಬಿದ್ದ ಮೇಲೆ ಮಾತು ಶುರು ಮಾಡಲಾ, ಅಥವಾ ಆ ಸಾಲನ್ನು ಹಿಂದಿನ ಬಸ್ ಶಾಟ್‌ನಲ್ಲೇ ಮುಗಿಸಲಾ?