ಕೊನೆ ತಿಂಗಳ ಬಾಡಿಗೆ, ಅಡ್ವಾನ್ಸ್ ಲೆಕ್ಕ

"ಚಿಕ್ಕಪ್ಪ, ಜೂನ್ ಕೊನೆಗೆ ಮನೆ ಖಾಲಿ ಮಾಡ್ತಿದ್ದೀವಿ. ಬಾಡಿಗೆ 18,000, ಅಡ್ವಾನ್ಸ್ ಒಂದು ಲಕ್ಷ ಕೊಟ್ಟಿದ್ದೀವಿ. ಜೂನ್ ಬಾಡಿಗೆ ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ ಅಂದ್ರೆ ತಪ್ಪಾ? ಅಗ್ರಿಮೆಂಟ್‌ನಲ್ಲಿ ಹಾಗೆ ಮಾಡಬಾರದು ಅಂತ ಇದೆ."

ಪುಟ್ಟಿ, ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳದೆ ಸುಮ್ನೆ ಬಾಡಿಗೆ ನಿಲ್ಲಿಸಿಬಿಟ್ಟರೆ ತಪ್ಪು. ಸಹಿ ಹಾಕಿದವರು ನೀವು ಮತ್ತು ಓನರ್, ಇಬ್ಬರೂ ಒಪ್ಪಿದರೆ ಆ ಷರತ್ತನ್ನು ಬಿಟ್ಟುಕೊಡಬಹುದು. ಅವರು ಒಪ್ಪದಿದ್ದರೆ ಜೂನ್ ಬಾಡಿಗೆ ಕೊಡಲೇಬೇಕು. ಇಲ್ಲದಿದ್ದರೆ ಬಾಡಿಗೆ ಬಾಕಿ ಇಟ್ಟವರು ಅಂತ ನಿಮ್ಮ ಹೆಸರೇ ಬರುತ್ತದೆ, ಆಮೇಲೆ ಅಡ್ವಾನ್ಸ್ ಕೇಳುವಾಗ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಆ ಸಾಲು ಯಾಕೆ ಹಾಕುತ್ತಾರೆ ಹೇಳುತ್ತೇನೆ. ಬಾಡಿಗೆ ಎಷ್ಟು ಅಂತ ಮೊದಲೇ ಗೊತ್ತು. ಅಡ್ವಾನ್ಸ್ ಇಟ್ಟುಕೊಳ್ಳುವುದು ಎಷ್ಟಾಗುತ್ತದೋ ಗೊತ್ತಿಲ್ಲದ ಖರ್ಚಿಗೆ. ಅದು ಗೊತ್ತಾಗುವುದು ಮನೆ ಖಾಲಿಯಾದ ಮೇಲೆ. ಮಂಚ ಸರಿಸಿದಾಗ ಗೋಡೆಯ ಕಲೆ ಕಾಣುತ್ತದೆ, ಸಿಂಕ್ ಕೆಳಗೆ ಸೋರಿ ಪ್ಲೈವುಡ್ ಉಬ್ಬಿರುವುದು ಕಾಣುತ್ತದೆ. ಜೂನ್ ತಿಂಗಳ ಕರೆಂಟ್ ಬಿಲ್ ಜುಲೈನಲ್ಲಿ ಬರುತ್ತದೆ, ಆಗ ನೀವು ಅಲ್ಲಿ ಇರುವುದೇ ಇಲ್ಲ. ಅಂದರೆ ನೀವಿನ್ನೂ ಮನೆಯಲ್ಲಿ ಇರುವಾಗಲೇ ಆ ದುಡ್ಡು ಕರಗಬಾರದು ಅನ್ನುವುದು ಓನರ್ ಲೆಕ್ಕ.

ಈಗ ನಿಮ್ಮದನ್ನೇ ನೋಡೋಣ. ಬೆಂಗಳೂರಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಮಾಮೂಲು, ನಿಮ್ಮ ಅಗ್ರಿಮೆಂಟ್‌ನಲ್ಲೂ ಹಾಗೇ ಇದೆ ಅಂದುಕೊಳ್ಳೋಣ, 18,000. ಕರೆಂಟ್, ನೀರು ಸೇರಿ 2,000. ಬಾಡಿಗೆ ಕೊಟ್ಟರೆ ನಿಮಗೆ ವಾಪಸ್ 80,000 ಬರಬೇಕು, ಮುರಿದುಕೊಂಡರೆ 62,000. ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವ ದುಡ್ಡು ಎರಡೂ ಕಡೆ ಒಂದೇ. ನಿಮ್ಮಂಥ ಅಡ್ವಾನ್ಸ್‌ನಲ್ಲಿ ಓನರ್‌ಗೆ ನಷ್ಟದ ಭಯ ನಿಜವಾಗಿ ಇಲ್ಲ. ಆದರೆ ಎರಡೇ ತಿಂಗಳ ಅಡ್ವಾನ್ಸ್ ಪಡೆದಿರುವ ಓನರ್ ಬಳಿ ಇರುವುದು 36,000. ಅದರಲ್ಲಿ ಬಾಡಿಗೆ ಮುರಿದು, ಪೇಂಟಿಂಗ್ ಮುರಿದರೆ ಸೊನ್ನೆ, ಕರೆಂಟ್ ಬಿಲ್ ಅವರ ತಲೆಗೆ. ಆ ಸಾಲು ಅಂಥವರಿಗೆ ನಿಜಕ್ಕೂ ಬೇಕು. ಆದರೆ ಹತ್ತು ತಿಂಗಳು ಅಡ್ವಾನ್ಸ್ ತಗೊಂಡವರೂ ಅದೇ ಹಳೇ ಅಗ್ರಿಮೆಂಟ್ ಕಾಪಿ ಹೊಡೆದು ಸಹಿ ಹಾಕಿಸುತ್ತಾರೆ, ಅದು ಬೇರೆ ಮಾತು.

ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಓನರ್‌ಗಳು ಅಡ್ವಾನ್ಸ್ ಯಾವಾಗಲೋ ಖರ್ಚು ಮಾಡಿರುತ್ತಾರೆ, ಹೊಸ ಬಾಡಿಗೆದಾರರ ಅಡ್ವಾನ್ಸ್ ಬಂದ ಮೇಲೆ ನಿಮಗೆ ಕೊಡುವ ಲೆಕ್ಕಾಚಾರ. ತಿಂಗಳ ಬಾಡಿಗೆ ಮಾತ್ರ ಇಎಂಐಗೋ ಮನೆ ಖರ್ಚಿಗೋ ಹೋಗುತ್ತಿರುತ್ತದೆ, ಅದು ನಿಂತರೆ ಅವರಿಗೆ ಕಷ್ಟ. ನೀವೂ ಬಾಡಿಗೆ ನಿಲ್ಲಿಸಬೇಕು ಅಂದುಕೊಂಡಿದ್ದು ಈ ಭಯಕ್ಕೇ ಅಲ್ವಾ, ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಅಂತ? ಭಯ ಸರಿಯೇ. "ಹೊಸಬರು ಬರಲಿ, ಆಮೇಲೆ ಕೊಡ್ತೀನಿ" ಅನ್ನುವ ಮಾತು ಈಗಾಗಲೇ ಬಂದಿದ್ದರೆ ಎಚ್ಚರವಾಗಿರಿ. ಅಗ್ರಿಮೆಂಟ್‌ನಲ್ಲಿ ಅಡ್ವಾನ್ಸ್ ಯಾವಾಗ ವಾಪಸ್ ಅಂತ ಏನಿದೆ ಮೊದಲು ನೋಡಿ. ಕೀ ಕೊಡುವ ಹೊತ್ತಿಗೇ ಅಂತ ಇದ್ದರೆ ನಿಮ್ಮ ಹಿಡಿತ ಅದು, ಬಾಡಿಗೆ ನಿಲ್ಲಿಸುವುದಲ್ಲ.

ಜೂನ್ ಮಧ್ಯದಲ್ಲೇ ಓನರ್ ಅವರನ್ನು ನಿಮ್ಮ ಮನೆಗೆ ಕರೆದು ಎಲ್ಲ ತೋರಿಸಿ. ಏನು ಹಿಡಿಯುತ್ತಾರೆ, ಎಷ್ಟು, ಅಲ್ಲೇ ಲೆಕ್ಕ ಹಾಕಿಸಿ. ಬಾಯಿ ಮಾತಲ್ಲಿ ಬಿಡಬೇಡಿ, ಅದೇ ದಿನ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಅವರು "ಸರಿ" ಅಂದರೆ ಸಾಕು. ಕರೆಂಟ್ ಮೀಟರ್ ಫೋಟೋ ಖಾಲಿ ಮಾಡುವ ದಿನ ತೆಗೆಯಿರಿ, ರೀಡಿಂಗ್ ಕಾಣುವ ಹಾಗೆ. ಪ್ರತಿ ರೂಮಿನ ಫೋಟೋ ಕೂಡ ತೆಗೆಯಿರಿ.

ಮುರಿದುಕೊಳ್ಳಲು ಅವರು ಒಪ್ಪಿದರೆ ಜೂನ್ ಬಾಡಿಗೆ ರಸೀದಿ ಮರೆಯದೆ ತಗೊಳ್ಳಿ. ಆ ತಿಂಗಳು ನಿಮ್ಮ ಬ್ಯಾಂಕಿನಿಂದ ದುಡ್ಡು ಹೋಗಿರುವುದಿಲ್ಲ, ಅಳಿಯಂದಿರು ಎಚ್‌ಆರ್‌ಎ ತೋರಿಸುವವರಾದರೆ ಆಫೀಸಿನಲ್ಲಿ ಕೇಳುತ್ತಾರೆ. ಮೆಸೇಜ್ ಹೀಗೆ ಹಾಕಬಹುದು: "ಸರ್, ಜೂನ್ 30ಕ್ಕೆ ಖಾಲಿ ಮಾಡ್ತಿದ್ದೀವಿ. ಜೂನ್ ಬಾಡಿಗೆ 18,000 ಅಡ್ವಾನ್ಸ್‌ನಲ್ಲಿ ಮುರ್ಕೊಂಡು, ಪೇಂಟಿಂಗ್ ಮತ್ತು ಬಿಲ್ ಕಳೆದು ಉಳಿದದ್ದನ್ನ ಕೀ ಕೊಡೋ ದಿನ ಕೊಡಬಹುದಾ? ಆಗಲ್ಲ ಅಂದ್ರೆ ಬಾಡಿಗೆ ಎಂದಿನಂತೆ 5ನೇ ತಾರೀಖು ಹಾಕ್ತೀವಿ." ಈ ಕೊನೆ ಸಾಲು ಬಿಡಬೇಡ, ಅದು ಇದ್ದರೆ ಬೆದರಿಕೆ ಅಂತ ಅವರಿಗೆ ಅನಿಸುವುದಿಲ್ಲ.